ಬಿಸಿಲಿದ್ದರೂ ಬಾರದ ಯೂನಿಟ್: ಘಟಕ ಅಳವಡಿಸಿದವರಿಗೆ ದೂರು ಪತ್ರ

"ಮೋಡ ಇದ್ರೆ ಯೂನಿಟ್ ಕಡಿಮೆ ಆಗುತ್ತೆ ಸರ್, ಸೋಲಾರ್‌ನಲ್ಲಿ ಇದು ಸಾಮಾನ್ಯ."

ಮಾನ್ಯರೇ, ನಿಮ್ಮ ಈ ಉತ್ತರಕ್ಕೆ ನನ್ನ ಒಪ್ಪಿಗೆಯಿಲ್ಲ. ದಾವಣಗೆರೆಯ ನಮ್ಮ ಮನೆಯ 3 ಕಿಲೋವ್ಯಾಟ್ ಘಟಕವು ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ ಎಂದು ನೀವು ಬರೆದುಕೊಟ್ಟಿದ್ದೀರಿ. ಮಾರ್ಚ್ ತಿಂಗಳ ನಿಚ್ಚಳ ಬಿಸಿಲಿನಲ್ಲೂ ಅದು 7 ದಾಟುತ್ತಿಲ್ಲ. ಆ್ಯಪ್‌ನ ಗ್ರಾಫ್ ಬೆಳಿಗ್ಗೆ ಚೆನ್ನಾಗಿ ಏರಿ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಮತ್ತೆ ಮತ್ತೆ ಸೊನ್ನೆಗೆ ಬೀಳುತ್ತದೆ, ಪ್ರತಿ ಸಲವೂ Grid Overvoltage ಎಂಬ ದೋಷ ದಾಖಲಾಗುತ್ತದೆ. ಮೋಡ ಕವಿದರೆ ಗ್ರಾಫ್ ತಗ್ಗುತ್ತದೆಯೇ ಹೊರತು ಹೀಗೆ ಕತ್ತರಿಸಿದಂತೆ ನಿಲ್ಲುವುದಿಲ್ಲ.

ಎಲೆಕ್ಟ್ರಿಷಿಯನ್ ಮಧ್ಯಾಹ್ನ ಅಳೆದಾಗ ಮೀಟರ್ ಬಳಿ 246 ವೋಲ್ಟ್, ತಾರಸಿಯ ಇನ್ವರ್ಟರ್ ಬಳಿ 254 ವೋಲ್ಟ್ ಇತ್ತು. ನಮ್ಮ ಇನ್ವರ್ಟರ್ 253 ದಾಟಿದೊಡನೆ ತಾನಾಗಿ ಸಂಪರ್ಕ ಕಡಿದುಕೊಳ್ಳುತ್ತದೆ. ತಾರಸಿಯಿಂದ ಗೇಟಿನ ಮೀಟರ್‌ವರೆಗಿನ 40 ಮೀಟರ್ ದೂರಕ್ಕೆ ನೀವು 2.5 ಚದರ ಮಿಲಿಮೀಟರ್‌ನ ತೆಳು ತಂತಿ ಎಳೆದಿರುವುದರಿಂದಲೇ, 13 ಆಂಪಿಯರ್ ಹರಿಯುವಾಗ, ಈ 8 ವೋಲ್ಟ್ ಏರಿಕೆಯಾಗುತ್ತಿದೆ. 6 ಚದರ ಮಿಲಿಮೀಟರ್ ತಂತಿಯಾಗಿದ್ದರೆ ಅದು 3ರ ಆಸುಪಾಸಿನಲ್ಲಿರುತ್ತಿತ್ತು. ಉಳಿಸಿದ್ದು ತಂತಿಯ ದುಡ್ಡು, ಕಳೆದುಕೊಂಡಿದ್ದು ನಮ್ಮ ನಡುಹಗಲಿನ ಉತ್ಪಾದನೆ.

ಆದ್ದರಿಂದ ನಿಮ್ಮ ಖರ್ಚಿನಲ್ಲೇ ತಂತಿ ಬದಲಿಸಿ, ನಡುಮಧ್ಯಾಹ್ನ ಎರಡೂ ಕಡೆಯ ವೋಲ್ಟೇಜನ್ನು ನನ್ನೆದುರು ಅಳೆದು ಬರೆದುಕೊಡಬೇಕು. ಆಗಲೂ ಮೀಟರ್ ಬಳಿಯೇ 253 ದಾಟಿದರೆ ಬೆಸ್ಕಾಂಗೆ ನಾನೇ ದೂರು ಕೊಡುತ್ತೇನೆ.