ಮೊದಲ ದುಡ್ಡು ಮೈಕಿಗೆ ಹೋಗಬೇಕು, ಕ್ಯಾಮೆರಾಕ್ಕಲ್ಲ

ಬದಿಯಡ್ಕದ ನಮ್ಮ ಸಂಬಂಧಿಕರ ಹುಡುಗ ಇಂದು ಒಂದು ಪಟ್ಟಿ ಹಿಡಿದುಕೊಂಡು ಬಂದಿದ್ದ. ಅಮ್ಮನ ಅಡುಗೆಯ ಯೂಟ್ಯೂಬ್ ಚಾನೆಲ್ ಮಾಡುತ್ತಾನಂತೆ. ಪಟ್ಟಿ ಬರೆದುಕೊಟ್ಟದ್ದು ಮಂಗಳೂರಿನ ಒಂದು ಅಂಗಡಿ. ಕ್ಯಾಮೆರಾ ಮತ್ತು ಲೆನ್ಸ್ 62,000, ರಿಂಗ್ ಲೈಟ್, ಸ್ಟ್ಯಾಂಡ್, ಎಡಿಟಿಂಗ್ ಸಾಫ್ಟ್‌ವೇರಿಗೆ ಒಂದು ವರ್ಷದ ಚಂದಾ, ಎಲ್ಲ ಸೇರಿ 85,000 ರೂಪಾಯಿ. ಮೈಕ್ ಎಲ್ಲಿ ಎಂದು ಕೇಳಿದೆ. "ಕ್ಯಾಮೆರಾದಲ್ಲೇ ಉಂಟಲ್ಲ ಮಾವ" ಎಂದ. ಅಪ್ಪ ಅಡಿಕೆ ಮಾರಿ ಕೊಡಲಿರುವ ದುಡ್ಡು ಅದು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ತಾಳಮದ್ದಳೆಗಳ ಧ್ವನಿಮುದ್ರಣ ಮಾಡುತ್ತ ಬಂದವನು ನಾನು ಎಂಬುದು ನಿಮಗೆಲ್ಲ ಗೊತ್ತು. ಅದಕ್ಕಾಗಿ ಮೈಕಿನ ಪರ ವಾದಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಅಡುಗೆಮನೆಯನ್ನೇ ನೋಡಿ. ಕ್ಯಾಮೆರಾ ಇರುವುದು ಅಮ್ಮನಿಂದ ಆರು ಅಡಿ ದೂರದಲ್ಲಿ. ಮಾತಾಡುವವರಿಂದ ಮೈಕಿನ ದೂರ ಎರಡು ಪಟ್ಟಾದಾಗಲೆಲ್ಲ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಮೈಕಿಗೂ ಆರು ಅಡಿ ಆಚೆಯ ಮೈಕಿಗೂ ಹೆಚ್ಚುಕಡಿಮೆ 18 ಡೆಸಿಬಲ್ ವ್ಯತ್ಯಾಸ. ಒಗ್ಗರಣೆಯ ಸದ್ದು, ಫ್ಯಾನು, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ ಮಾತ್ರ ಹಾಗೆ ಇಳಿಯುವುದಿಲ್ಲ. ಕ್ಯಾಮೆರಾ ಎಷ್ಟೇ ದುಬಾರಿಯದಾದರೂ ಅದರೊಳಗಿನ ಮೈಕು ಆ ಆರು ಅಡಿಯನ್ನು ದಾಟಲಾರದು.

ಆದ್ದರಿಂದ ಅವನ ಪಟ್ಟಿಯನ್ನು ಬದಿಗಿಟ್ಟು ಬೇರೆಯದನ್ನು ಬರೆದುಕೊಟ್ಟೆ. ಉದ್ದ ತಂತಿಯ ಕಾಲರ್ ಮೈಕಿಗೆ ಸುಮಾರು 1,000. ಅವನ ಮೊಬೈಲಿನಲ್ಲಿ ಇಯರ್‌ಫೋನಿನ ದುಂಡು ತೂತು ಇಲ್ಲ, ಹಾಗಾಗಿ ಅಡಾಪ್ಟರಿಗೆ 500. ಗಟ್ಟಿಯಾದ ಟ್ರೈಪಾಡಿಗೆ 2,000. ಒಂದು ಎಲ್‌ಇಡಿ ಪ್ಯಾನಲ್ ಮತ್ತು ಸ್ಟ್ಯಾಂಡಿಗೆ 3,500. ವಿಡಿಯೋ ತುಂಬಿಡಲು ಹಾರ್ಡ್ ಡಿಸ್ಕಿಗೆ 5,000. ಒಟ್ಟು 12,000. ಕ್ಯಾಮೆರಾ ಎಂದರೆ ಕೈಯಲ್ಲಿರುವ ಮೊಬೈಲೇ.

ಮೈಕ್ ಕೊಳ್ಳುವಾಗ ಪ್ಲಗ್ಗನ್ನು ನೋಡಬೇಕು. ಕ್ಯಾಮೆರಾಕ್ಕೆ ಮಾಡಿದ ಪ್ಲಗ್ಗಿನಲ್ಲಿ ಎರಡು ಕಪ್ಪು ಗೆರೆ, ಮೊಬೈಲಿಗೆ ಮಾಡಿದ್ದರಲ್ಲಿ ಮೂರು. ಎರಡು ಗೆರೆಯದ್ದನ್ನು ನೇರವಾಗಿ ಚುಚ್ಚಿದರೆ ಮೊಬೈಲು ಸಾಮಾನ್ಯವಾಗಿ ಅದನ್ನು ಮೈಕ್ ಎಂದು ಗುರುತಿಸುವುದೇ ಇಲ್ಲ, ಸುಮ್ಮನೆ ತನ್ನದೇ ಮೈಕಿನಿಂದ ಮುದ್ರಿಸುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಮುದ್ರಣ ಶುರು ಮಾಡಿ ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಕೇಳಿ. ಕೆರೆದ ಸದ್ದು ಕಿವಿಯ ಪಕ್ಕದಲ್ಲೇ ಆದಂತೆ ಜೋರಾಗಿರಬೇಕು. ಸೀರೆಯ ಸೆರಗು ಮೈಕಿಗೆ ಉಜ್ಜದಂತೆ ಸಿಕ್ಕಿಸುವುದನ್ನೂ ಮರೆಯಬಾರದು, ಆ ಸರಬರ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಬಹಳ ಕಷ್ಟ.

ಚಿತ್ರ ಚೆನ್ನಾಗಿಲ್ಲದಿದ್ದರೆ ಯಾರು ನೋಡುತ್ತಾರೆ ಎಂದು ಅವನ ಅಣ್ಣ ವಾದ ಹೂಡಿದ. ರಾತ್ರಿಯ ಬಯಲಾಟ ಚಿತ್ರಿಸುವುದಾದರೆ ಮಾತು ನಿಜ, ಕಡಿಮೆ ಬೆಳಕಿಗೆ ದೊಡ್ಡ ಸೆನ್ಸರ್ ಬೇಕು. ಅಂಥ ಒಂದು ರಾತ್ರಿಗೆ ಕ್ಯಾಮೆರಾ ಬಾಡಿಗೆಗೆ ತರಬಹುದು. ಹಗಲು ಕಿಟಕಿಯ ಪಕ್ಕದಲ್ಲಿ ಪತ್ರೊಡೆ ಸುತ್ತುವುದನ್ನು ತೋರಿಸಲು ಮೊಬೈಲು ಧಾರಾಳ ಸಾಕು. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳಲೇ ಇಲ್ಲ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಸಲು ಹಿಡಿಯುತ್ತದೆ. ಗಾಜಿನ ಮೇಲೆ ಜೇಡರ ಬಲೆಯ ಎಳೆಯಂತೆ ಕಾಣುವುದೇ ಅದು. ತಡೆಯಬೇಕಾದರೆ ತೇವಾಂಶ ಶೇಕಡಾ 40ರಿಂದ 50ರ ಆಸುಪಾಸಿನಲ್ಲಿರುವ ಪೆಟ್ಟಿಗೆಯಲ್ಲಿ ಇಡಬೇಕು. ಆ ಪೆಟ್ಟಿಗೆಯ ಖರ್ಚನ್ನು ಕ್ಯಾಮೆರಾದ ಬೆಲೆಗೆ ಯಾರಾದರೂ ಸೇರಿಸಿದ್ದಾರೆಯೇ?

ಲೈಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಯಾನಲನ್ನು ಒಂದು ಪಕ್ಕದಿಂದ, ಮುಖಕ್ಕಿಂತ ಸ್ವಲ್ಪ ಎತ್ತರದಲ್ಲಿಟ್ಟು, ಎದುರು ಬದಿಯಲ್ಲಿ ಬಿಳಿ ಥರ್ಮೊಕೋಲ್ ನಿಲ್ಲಿಸಿದರಾಯಿತು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಮನೆಯ ಬಲ್ಬಿನಿಂದಾಗಿ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಹರಿದರೆ ಷಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟು ನೋಡಿ.

ಸಾಫ್ಟ್‌ವೇರಿಗೆ ಈಗ ಒಂದು ಪೈಸೆಯೂ ಬೇಡ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ನೀರುಮುದ್ರೆಯಿಲ್ಲದೆ 4ಕೆ ವಿಡಿಯೋವನ್ನೇ ಹೊರಗೆ ಕೊಡುತ್ತದೆ. ಅವನ ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ‍್ಯಾಮ್ ಇದೆ, ಸಾಕು. ರ‍್ಯಾಮ್ ಕಡಿಮೆ ಇರುವವರು ಚಂದಾ ಕಟ್ಟುವ ಬದಲು ಮೊದಲು ಅದನ್ನು ಹೆಚ್ಚಿಸಿಕೊಳ್ಳಲಿ.

ಉಳಿದ 73,000 ಅಪ್ಪನ ಬಳಿಯೇ ಇರಲಿ. ಮೊಬೈಲಿನಿಂದ ಆಗಲೇ ಆಗದ ಒಂದು ಕೆಲಸ ಇಂಥದ್ದು ಎಂದು ಅವನು ಬೆರಳಿಟ್ಟು ತೋರಿಸಿದ ದಿನ ಕ್ಯಾಮೆರಾದ ಮಾತು ಎತ್ತೋಣ.

ಒಂದು ಮಿತಿಯನ್ನೂ ಅವನಿಗೆ ಹೇಳಿದ್ದೇನೆ. ಆಟಿಯ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಗಲ್ಲದ ಕೆಳಗಿನ ಮೈಕೂ ಸೋಲುತ್ತದೆ. ಆಗ ಕೈಕೆಲಸವನ್ನಷ್ಟೇ ಚಿತ್ರಿಸಿಕೊಂಡು, ಮಳೆ ನಿಂತ ಮೇಲೆ ಹಾಸಿಗೆ ಬಟ್ಟೆ ತುಂಬಿದ ಮಲಗುವ ಕೋಣೆಯಲ್ಲಿ ಅದೇ ಮೈಕ್ ಹಾಕಿ ಅಮ್ಮನಿಂದ ವಿವರಣೆ ಹೇಳಿಸಿ ಜೋಡಿಸಬೇಕು.