ತೀರಿದ ಸಾಲದ ಕಂತು

ನಮ್ಮ ಫ್ರಿಜ್ಜಿನ ಬೆಲೆ 36,000. ತಿಂಗಳಿಗೆ 3,000ದಂತೆ ಹನ್ನೆರಡು ಕಂತು, ನೋ ಕಾಸ್ಟ್ ಇಎಂಐ. ಏಳು ಕಂತು ಮುಗಿದಾಗ ಬೋನಸ್ ಬಂತು. ಸಾಲ ಇಟ್ಕೊಂಡು ನಿದ್ದೆ ಬರಲ್ಲ ಅನ್ನೋ ಜಾತಿ ನಾನು. ಉಳಿದ 15,000 ಒಟ್ಟಿಗೇ ಕಟ್ಟಿಬಿಡೋಣ ಅಂತ 30ನೇ ತಾರೀಕು ಫೈನಾನ್ಸಿನವರ ಆ್ಯಪ್ ತೆರೆದೆ.

ಅದು ಕೇಳಿದ್ದು 15,708. ಅವಧಿಗೆ ಮುಂಚೆ ಸಾಲ ಮುಗಿಸೋದಕ್ಕೆ ಹಾಕುವ ಫೋರ್‌ಕ್ಲೋಷರ್ ಚಾರ್ಜು ಬಾಕಿಯ ಶೇ. 4, ಅಂದರೆ 600. ಅದರ ಮೇಲೆ ಶೇ. 18 ಜಿಎಸ್‌ಟಿ, 108. ಹೋಗಲಿ, ಬಡ್ಡಿ ಉಳಿಯುತ್ತಲ್ಲ ಅಂತ ಕಟ್ಟಿದೆ.

"ಯಾವ ಬಡ್ಡಿ ರೀ?" ಅಂದಳು ಹೆಂಡತಿ.

ಹೌದಲ್ವಾ! ನೋ ಕಾಸ್ಟ್ ಅಂದರೆ ಆ ಬಡ್ಡಿಯನ್ನು ಫ್ರಿಜ್ ಕಂಪನಿಯೋ ಅಂಗಡಿಯೋ ಮೊದಲೇ ಹೊತ್ತುಕೊಂಡಿರುತ್ತೆ. ನಾನು ಸುಮ್ನೆ ಐದು ತಿಂಗಳು ಕೂತಿದ್ದರೂ ಹೋಗ್ತಿದ್ದದ್ದು ಅದೇ 15,000. ಅವಸರಕ್ಕೆ 708 ರೂಪಾಯಿ ದಂಡ ಕಟ್ಟಿದ ಪುಣ್ಯಾತ್ಮ ನಾನೇ. ಬಡ್ಡಿ ಇರುವ ಸಾಲವಾಗಿದ್ದರೆ ಲೆಕ್ಕ ಬೇರೆ. ಮುಂದೆ ಕಟ್ಟಬೇಕಾದ ಬಡ್ಡಿ ಈ ಚಾರ್ಜಿಗಿಂತ ಜಾಸ್ತಿ ಇದ್ದರೆ ಮುಗಿಸಿದ್ದಕ್ಕೂ ಅರ್ಥ ಇರುತ್ತಿತ್ತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2ನೇ ತಾರೀಕು ಬೆಳಿಗ್ಗೆ ಹಲ್ಲುಜ್ಜುವಾಗ ಫೋನ್ ಟಿಣ್ ಅಂತು. ಖಾತೆಯಿಂದ 3,000 ಕಡಿತ! ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನನ್ನ ಸಿಟ್ಟು ಆ ಹುಡುಗಿಗೆ ಅರ್ಥವಾಯಿತು, ಮಾತು ಅರ್ಥವಾಗಲಿಲ್ಲ. ಬಾಯಿ ಮುಕ್ಕಳಿಸಿ ಬಂದ ಮೇಲೆ ವಿವರಿಸಿದಳು: "ಸರ್, ಕಂತಿನ ತಾರೀಕಿಗೆ ಕೆಲವು ದಿನ ಮುಂಚೆಯೇ ನಾವು ಬ್ಯಾಂಕಿಗೆ ಪಟ್ಟಿ ಕಳಿಸಿರ್ತೀವಿ. ನೀವು ಕಟ್ಟೋ ಹೊತ್ತಿಗೆ ಅದು ಹೋಗಿತ್ತು." ಅಂದರೆ ಒಂದು ಕಂತು ಕಡಿತವಾದ ಮರುದಿನವೇ ಸಾಲ ಮುಗಿಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ದುಡ್ಡು ವಾಪಸ್ ಬರಲು ಒಂಬತ್ತು ದಿನ ಹಿಡಿಯಿತು.

ಅಷ್ಟರಲ್ಲಿ ಸಾಲ ತೀರಿದೆ ಅನ್ನೋ ಪತ್ರ, ಎನ್‌ಒಸಿ ಬಂದಿತ್ತು. ಸಾಲ ಮುಚ್ಚಿದರೂ ಬ್ಯಾಂಕಿನಲ್ಲಿ ನಾವು ಕೊಟ್ಟ ಆಟೋ ಡೆಬಿಟ್ ಅನುಮತಿ ತಾನಾಗಿ ಮುಚ್ಚಿರುತ್ತೆ ಅನ್ನೋ ನಂಬಿಕೆ ಬೇಡ. ನೆಟ್ ಬ್ಯಾಂಕಿಂಗ್‌ನಲ್ಲಿ ಈ ಅನುಮತಿಗಳ, ಅಂದರೆ ಮ್ಯಾಂಡೇಟ್‌ಗಳ ಪಟ್ಟಿ ತೆಗೆದು ನೋಡಿದೆ. ಕಂತು 3,000 ಇದ್ದರೂ, ಒಂದು ಸಲಕ್ಕೆ 9,000ದವರೆಗೆ ತೆಗೆಯಲು ನಾನೇ ಒಪ್ಪಿ ಸಹಿ ಹಾಕಿದ್ದೆ. ಕೊನೆಯ ತಾರೀಕು ಫ್ರಿಜ್ಜೂ ಬಾಳದಷ್ಟು ದೂರದಲ್ಲಿತ್ತು. ಕ್ಯಾನ್ಸಲ್ ಒತ್ತಿ ಒಟಿಪಿ ಕೊಟ್ಟೆ. ಇದನ್ನೇ ಎನ್‌ಒಸಿಗೆ ಮುಂಚೆ ಮಾಡಿ, ಒಂದು ಕಂತು ಬಾಕಿ ಉಳಿದಿದ್ದರೆ ಬೌನ್ಸ್ ಚಾರ್ಜು ಬೇರೆ ಬೀಳುತ್ತಿತ್ತು.

ಆ ಪಟ್ಟಿಯಲ್ಲಿ ಕೆಳಗೆ ಇನ್ನೊಂದು ಮ್ಯಾಂಡೇಟ್ ಜೀವಂತವಾಗಿತ್ತು. 2019ರಲ್ಲಿ ಕೊಂಡ ಮೊಬೈಲಿನದು. ಆ ಮೊಬೈಲು ಬ್ಯಾಟರಿ ಉಬ್ಬಿ ಗುಜರಿಗೆ ಹೋಗಿ ಎರಡು ವರ್ಷ ಆಗಿದೆ.