ಬೇಕರಿ ಕೈ ಬದಲಾಯಿಸುವ ಮುಂಚೆ ಗೋಡೆ ಮೇಲಿನ ಆ ಎರಡು ಕಾಗದ ಇಳಿಸಿ ಓದಿ

"ರನ್ನಿಂಗ್ ಬೇಕರಿ ಮಾರಾಟಕ್ಕಿದೆ, ಲೈಸನ್ಸ್ ಎಲ್ಲಾ ಪಕ್ಕಾ." ಬೆಂಗಳೂರಿನಲ್ಲಿ ಅಂಗಡಿ ಹುಡುಕುವವರಿಗೆ ಈ ಮಾತು ದಿನಾ ಕೇಳಿಸುತ್ತದೆ. ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಊರಲ್ಲಿ ಜಮೀನು ಅಡ ಇಟ್ಟು ದುಡ್ಡು ತಂದವರು, ಈ ಒಂದು ಮಾತು ನಂಬಿ ಅಡ್ವಾನ್ಸ್ ಕೊಟ್ಟುಬಿಡುವುದನ್ನು ನೋಡಿದರೆ ನಿಜವಾಗಿ ಸಂಕಟ ಆಗುತ್ತದೆ. ನನ್ನ ಅಭಿಪ್ರಾಯ ಇಷ್ಟೇ. ಲೈಸನ್ಸ್ ಇದೆಯಾ ಅಂತ ಕೇಳಿದರೆ ಸಾಲದು. ಯಾರ ಹೆಸರಲ್ಲಿದೆ, ಯಾವ ಜಾಗಕ್ಕಿದೆ, ಯಾವ ಕೆಲಸಕ್ಕಿದೆ, ಎಲ್ಲಿವರೆಗೆ ಇದೆ, ಈ ನಾಲ್ಕನ್ನೂ ಕಾಗದದಲ್ಲಿ ನೋಡಬೇಕು. ಅದೂ ಟೋಕನ್ ಕೊಡುವ ಮುಂಚೆ.

ಕಾಗದಗಳು ಎರಡು. ಒಂದು ಪಾಲಿಕೆಯ ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸನ್ಸ್. ಇದನ್ನು ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗ. ಈ ಜಾಗದಲ್ಲಿ, ಈ ಕಟ್ಟಡದಲ್ಲಿ ಈ ವ್ಯಾಪಾರ ನಡೆದರೆ ಸುತ್ತಲಿನವರಿಗೆ ತೊಂದರೆ ಇಲ್ಲ ತಾನೇ ಅನ್ನುವುದು ಅವರ ಪ್ರಶ್ನೆ. ಇನ್ನೊಂದು, ಜನ ಲೇಬರ್ ಲೈಸನ್ಸ್ ಅಂತ ಕರೆಯುವ ನೋಂದಣಿ ಪ್ರಮಾಣಪತ್ರ. ಇದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಕೆಳಗೆ ಕಾರ್ಮಿಕ ಇಲಾಖೆ ಕೊಡುವ ನಮೂನೆ 'ಸಿ'. ಇಲ್ಲಿ ಪ್ರಶ್ನೆ ಬೇರೆ: ಮಾಲೀಕ ಯಾರು, ಎಷ್ಟು ಜನ ಕೆಲಸಕ್ಕಿದ್ದಾರೆ, ಅವರ ಕೆಲಸದ ಹೊತ್ತು, ರಜೆಗೆ ಜವಾಬ್ದಾರಿ ಯಾರದು. ಇಲಾಖೆ ಬೇರೆ, ಕಾನೂನು ಬೇರೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದ್ದಂತೆ ಆಗುವುದಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಆ ಅಂಗಡಿಯ ಕಥೆ ಪೂರ್ತಿ ಹೊರಗೆ ಬರುತ್ತದೆ.

ಇತ್ತೀಚೆಗೆ ಹಾಸನ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಬೇಕರಿ ಕೆಲಸ ಚೆನ್ನಾಗಿ ಕಲಿತವನು. ಬಡಾವಣೆಯೊಳಗಿನ ಒಂದು ಬೇಕರಿಗೆ ಎಂಟು ಲಕ್ಷ ಗುಡ್‌ವಿಲ್ ಕೇಳಿದ್ದರು. ಕಟ್ಟಡದ ಅಡ್ವಾನ್ಸ್ ಬೇರೆ. "ಅಣ್ಣಾ, ವ್ಯಾಪಾರ ಚೆನ್ನಾಗಿದೆ, ಎರಡು ಲೈಸನ್ಸೂ ಫ್ರೇಮ್ ಹಾಕ್ಸಿ ಗಲ್ಲಾ ಮೇಲೆ ನೇತು ಹಾಕಿದ್ದಾರೆ" ಅಂದ. ಹಾಗಾದರೆ ಎರಡರದ್ದೂ ಅಕ್ಷರ ಓದಲು ಬರುವ ಹಾಗೆ ಹತ್ತಿರದಿಂದ ಫೋಟೋ ತೆಗೆದು ಕಳಿಸು ಅಂದೆ.

ಮೊದಲು ಟ್ರೇಡ್ ಲೈಸನ್ಸ್ ನೋಡಿದೆವು. ಅವಧಿ 31 ಮಾರ್ಚ್ 2023ಕ್ಕೇ ಮುಗಿದಿತ್ತು. ಈ ಪರವಾನಗಿ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದಲ್ಲಿ ನಡೆಯುತ್ತದೆ. ಹಾಗಾಗಿ ಕಣ್ಣು ಮೊದಲು ಹೋಗಬೇಕಾದ್ದು ಮಾರ್ಚ್ 31ರ ಪಕ್ಕದ ಇಸವಿಗೆ. ಎರಡನೆಯದು, ಅದರಲ್ಲಿದ್ದ ಹೆಸರು ಈಗ ಮಾರುತ್ತಿರುವವರದ್ದಲ್ಲ. ಅವರಿಗೆ ಈ ಅಂಗಡಿ ಮಾರಿದ್ದ ಹಿಂದಿನ ಮಾಲೀಕರದ್ದು. ಅಂದರೆ ಈಗಿನವರು ತಮ್ಮ ಹೆಸರಿಗೆ ಪರವಾನಗಿ ಮಾಡಿಸಿಕೊಂಡೇ ಇರಲಿಲ್ಲ. ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಉದ್ದಿಮೆಯ ವಿವರ ಅನ್ನುವ ಜಾಗದಲ್ಲಿ ಇದ್ದದ್ದು ಬೇಕರಿ ತಿನಿಸುಗಳ ಮಾರಾಟ ಮಾತ್ರ. ಆದರೆ ಅಂಗಡಿಯ ಹಿಂದೆ ದೊಡ್ಡ ಓವನ್ ಇತ್ತು, ಹಿಟ್ಟು ನಾದುವ ಮೋಟಾರ್ ಮಷಿನ್ ಇತ್ತು. ತಂದು ಮಾರುವುದಕ್ಕೂ ಅಲ್ಲೇ ಬೇಯಿಸುವುದಕ್ಕೂ ಪಾಲಿಕೆ ಲೆಕ್ಕದಲ್ಲಿ ತುಂಬಾ ವ್ಯತ್ಯಾಸ ಇದೆ. ಬೆಂಕಿ, ಹೊಗೆ, ಮೋಟಾರ್‌ನ ಅಶ್ವಶಕ್ತಿ, ಎಲ್ಲವನ್ನೂ ಹೇಳಿ ಪರವಾನಗಿ ಪಡೆಯಬೇಕು. ಆ ಹುಡುಗ ಎಂಟು ಲಕ್ಷ ಕೊಡಲು ಹೊರಟಿದ್ದೇ ಆ ಓವನ್‌ಗಾಗಿ. ಆ ಕಾಗದದಲ್ಲಿ ಓವನ್ನೇ ಇರಲಿಲ್ಲ.

ಆಮೇಲೆ ನಮೂನೆ 'ಸಿ'. ಇದು ಈಗಿನ ಮಾಲೀಕರ ಹೆಸರಲ್ಲೇ ಇತ್ತು, ಅವಧಿಯೂ 2027ರವರೆಗೆ ಇತ್ತು. ಈ ನೋಂದಣಿಗೆ ಐದು ವರ್ಷದ ಬಾಳಿಕೆ. ನೋಡಿದ ತಕ್ಷಣ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಆದರೆ ಕೆಲಸಗಾರರ ಸಂಖ್ಯೆ ಎರಡು ಅಂತ ಬರೆದಿತ್ತು. ಹುಡುಗ ಹೋದಾಗಲೆಲ್ಲ ಅಲ್ಲಿ ಐದು ಜನ ಇರುತ್ತಿದ್ದರು. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಲೆಕ್ಕದಲ್ಲಿ ಇಲ್ಲದ ಆ ಮೂವರಿಗೆ ವಾರದ ರಜೆ, ಓಟಿ, ಹಾಜರಿ ಪುಸ್ತಕ ಯಾವುದಾದರೂ ಸರಿಯಾಗಿ ಇರುತ್ತದಾ? ಅಂಗಡಿ ಕೈ ಬದಲಾದ ಮೇಲೆ ಅವರು ಹಳೇ ಸಂಬಳ ಬಾಕಿ ಕೇಳುವುದು ಯಾರನ್ನ? ಎದುರಿಗೆ ಗಲ್ಲಾದಲ್ಲಿ ಕೂತವರನ್ನೇ. ಪಾಪ, ಅವರಾದರೂ ಇನ್ನೇನು ಮಾಡುತ್ತಾರೆ.

ಈಗ ಅಸಲಿ ನಕಲಿ ವಿಚಾರ. ಫೋಟೋ, ಜೆರಾಕ್ಸ್ ಎರಡನ್ನೂ ನಾನು ಪುರಾವೆ ಅಂತ ತಗೊಳ್ಳುವುದಿಲ್ಲ. ತಾರೀಕು ತಿದ್ದಿ ಪ್ರಿಂಟ್ ಹಾಕುವುದು ಈಗ ಯಾರಿಗೂ ಕಷ್ಟ ಅಲ್ಲ. ನಾನು ಹೇಳುವ ದಾರಿ ಸರಳ. ಮಾಲೀಕರ ಪಕ್ಕದಲ್ಲಿ ಕೂತು, ಅವರ ಲಾಗಿನ್‌ನಿಂದಲೇ ಎರಡೂ ಪ್ರಮಾಣಪತ್ರಗಳನ್ನು ಹೊಸದಾಗಿ ಡೌನ್‌ಲೋಡ್ ಮಾಡಿಸಿ. ಕಾರ್ಮಿಕ ಇಲಾಖೆಯದ್ದು ಇ-ಕರ್ಮಿಕ ಜಾಲತಾಣ, ekarmika.karnataka.gov.in. ಕಾಗದ ಸರಿ ಇದ್ದವರು ಹತ್ತು ನಿಮಿಷದಲ್ಲಿ ತೆಗೆದು ಕೊಡುತ್ತಾರೆ. "ಲಾಗಿನ್ ಏಜೆಂಟ್ ಹತ್ರ ಇದೆ, ಅವನು ಊರಲ್ಲಿಲ್ಲ" ಅಂದರೆ ಅಲ್ಲೇ ನಿಲ್ಲಿ. ಎಷ್ಟೋ ಅಂಗಡಿಗಳ ನೋಂದಣಿ ಏಜೆಂಟರ ಮೊಬೈಲ್ ನಂಬರಿನಲ್ಲಿ ಇರುತ್ತದೆ. ಓಟಿಪಿ ಅವರಿಗೆ ಹೋಗುತ್ತದೆ, ನವೀಕರಣದ ನೆನಪೋಲೆಯೂ ಅವರಿಗೇ ಹೋಗುತ್ತದೆ. ಮಾಲೀಕರು ಮೋಸ ಮಾಡುತ್ತಿದ್ದಾರೆ ಅಂತ ಇದರ ಅರ್ಥ ಅಲ್ಲ. ಅವರಿಗೇ ತಮ್ಮ ಕಾಗದದ ಸ್ಥಿತಿ ಗೊತ್ತಿಲ್ಲ ಅಂತ ಅರ್ಥ. ನಿಮಗಾದರೂ ಗೊತ್ತಿರಬೇಕಲ್ವಾ?

ಇನ್ನೊಂದು ಕಡೆ ಜನ ಜಾಸ್ತಿ ಮೋಸ ಹೋಗುತ್ತಾರೆ. ಶುಲ್ಕ ಕಟ್ಟಿದ ಚಲನ್, ಅರ್ಜಿ ಹಾಕಿದ ಸ್ವೀಕೃತಿ, ಇವನ್ನೇ ಲ್ಯಾಮಿನೇಟ್ ಮಾಡಿಸಿ ಲೈಸನ್ಸ್ ಅಂತ ತೋರಿಸುತ್ತಾರೆ. ಮೇಲೆ ಪಾಲಿಕೆಯ ಲಾಂಛನ ಇರುತ್ತದೆ, ನಂಬರ್ ಇರುತ್ತದೆ. ಅದು ಅರ್ಜಿ ಸಂಖ್ಯೆಯೋ ಪರವಾನಗಿ ಸಂಖ್ಯೆಯೋ ಓದಿ ನೋಡಿ. ಎಲ್ಲಿಂದ ಎಲ್ಲಿವರೆಗೆ ಅನ್ನುವ ಅವಧಿ ಇಲ್ಲದ ಕಾಗದ ಬರೀ ರಸೀದಿ. ಹಾಗೆಯೇ, ಹಳೇ ಕಾಗದದ ಮೇಲೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಂತ ಇದ್ದರೆ ನಕಲಿ ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಅದಕ್ಕಿಂತ ಹಿಂದಿನ ಕಾಗದದಲ್ಲಿ ಹಳೇ ಹೆಸರೇ ಇರುತ್ತದೆ. ನಿಮ್ಮ ಅಂಗಡಿ ಈಗ ಯಾವ ಪಾಲಿಕೆಗೆ ಸೇರಿದೆ ಅಂತ ಮಾತ್ರ ಕೇಳಿಕೊಂಡಿರಿ, ಮುಂದಿನ ಅರ್ಜಿ ಅಲ್ಲಿಗೇ ಹೋಗಬೇಕು.

ಅಂಗಡಿಗೆ ಜಿಎಸ್‌ಟಿ ನಂಬರ್ ಇದ್ದರೆ ಅದೂ ಒಂದು ಒಳ್ಳೆಯ ಅಳತೆಗೋಲು. gst.gov.in ನಲ್ಲಿ ಲಾಗಿನ್ ಇಲ್ಲದೆಯೇ Search Taxpayer ಅನ್ನುವಲ್ಲಿ ನಂಬರ್ ಹಾಕಿದರೆ ಹೆಸರು, ವಿಳಾಸ, ನೋಂದಣಿ ಆದ ತಾರೀಕು ಬರುತ್ತದೆ. ಇದು ಆ ಎರಡು ಕಾಗದಗಳ ಜೊತೆ ಹೊಂದಬೇಕು. ಪಾಲಿಕೆಯ ಪರವಾನಗಿಯೂ ಕಾರ್ಮಿಕ ಇಲಾಖೆಯ ನೋಂದಣಿಯೂ ಇಷ್ಟೇ ಸಲೀಸಾಗಿ, ಬರೀ ಅಂಗಡಿಯ ವಿಳಾಸ ಹಾಕಿದರೆ ಯಾರಿಗೆ ಬೇಕಾದರೂ ಕಾಣುವಂತಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೋಡೆ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಬೇಕಾದ ಕಾಗದದಲ್ಲಿ ಮುಚ್ಚಿಡುವಂಥದ್ದು ಏನಿದೆ?

ಹುಡುಗನ ವಿಷಯಕ್ಕೆ ಬರುತ್ತೇನೆ. ಪರವಾನಗಿ ನಿಂತು ವರ್ಷಗಳೇ ಆಗಿವೆ ಅಂದರೆ ಎರಡು ಕಾರಣ ಇರಬಹುದು. ಒಂದು, ಉದಾಸೀನ. ದಂಡ, ಹೊಸ ಅರ್ಜಿ, ಒಂದಿಷ್ಟು ಓಡಾಟದಲ್ಲಿ ಮುಗಿಯುತ್ತದೆ. ಇನ್ನೊಂದು, ಪಾಲಿಕೆಯೇ ಕೊಡದೆ ತಡೆದಿರುವುದು. ಇದು ಮಾರುವವರ ಬಾಯಿಂದ ಬರುವುದಿಲ್ಲ. ಅದಕ್ಕೆ ಪರವಾನಗಿ ಸಂಖ್ಯೆ ಬರೆದುಕೊಂಡು ಆ ಭಾಗದ ಆರೋಗ್ಯ ಪರಿವೀಕ್ಷಕರ ಕಚೇರಿಗೇ ಹೋಗು ಅಂದೆ. ಈ ಅಂಗಡಿ ತಗೊಳ್ಳೋಣ ಅಂತಿದ್ದೇನೆ, ಫೈಲಿನಲ್ಲಿ ದೂರು, ನೋಟಿಸ್ ಏನಾದರೂ ಇದೆಯಾ ಸಾರ್ ಅಂತ ನೇರವಾಗಿ ಕೇಳು ಅಂದೆ. ಬಾಯಿಮಾತಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಎಂಟು ಲಕ್ಷ ಕೊಡುವವರು ಒಂದು ತಿಂಗಳು ಕಾದರೆ ನಷ್ಟ ಇಲ್ಲ.

ಅವನಿಗೆ ಕಚೇರಿಯಲ್ಲೇ ಉತ್ತರ ಸಿಕ್ಕಿತು. ಮೇಲಿನ ಮನೆಯವರು ಓವನ್ ಹೊಗೆ ಬಗ್ಗೆ ದೂರು ಕೊಟ್ಟಿದ್ದರು. ಚಿಮಣಿ ಅವರ ಅಡುಗೆಮನೆ ಕಿಟಕಿಯ ಮಟ್ಟಕ್ಕೇ ನಿಂತಿತ್ತು. ಅದನ್ನು ಮಹಡಿಗಿಂತ ಮೇಲೆ ಏರಿಸಿ ಅಂತ ನೋಟಿಸ್ ಕೊಟ್ಟಿದ್ದರು, ಯಾರೂ ಏರಿಸಲಿಲ್ಲ, ನವೀಕರಣ ಅಲ್ಲಿಗೇ ನಿಂತಿತ್ತು. ದೂರು ಕೊಟ್ಟವರದ್ದು ಏನೂ ತಪ್ಪಿಲ್ಲ. ದಿನಾ ಬೆಳಗ್ಗೆ ನಾಲ್ಕಕ್ಕೆ ಮನೆಯೊಳಗೆ ಹೊಗೆ ಬಂದರೆ ಯಾರು ಸುಮ್ನೆ ಇರುತ್ತಾರೆ?

ಇಷ್ಟಾದ ಮೇಲೆ ಅಂಗಡಿ ಬೇಡವೇ ಬೇಡ ಅಂತ ನಾನು ಹೇಳಲಿಲ್ಲ. ಇದು ಚಿಮಣಿ ಏರಿಸಿದರೆ ಬಗೆಹರಿಯುವ ತೊಂದರೆ. ಅದೇ ತಡೆ ಬಿದ್ದದ್ದು ವಸತಿ ಪ್ರದೇಶದ ಕಿರಿದಾದ ರಸ್ತೆ ಅನ್ನುವ ಕಾರಣಕ್ಕಾಗಿದ್ದರೆ ಕೈಬಿಡು ಅನ್ನುತ್ತಿದ್ದೆ, ಯಾಕೆಂದರೆ ರಸ್ತೆಯನ್ನು ಯಾರೂ ಅಗಲ ಮಾಡಿಕೊಡಲಾರರು. ಆದರೆ ಮಾತುಕತೆ ಬದಲಾಯಿತು. ಕರಾರಿನಲ್ಲಿ ಮೂರು ವಿಷಯ ಸೇರಿಸಲು ಹೇಳಿದೆ. ಈಗ ಟೋಕನ್ ಮಾತ್ರ, ಬೇಕರಿ ತಯಾರಿಕೆ ಅಂತಲೇ ಅವನ ಹೆಸರಿಗೆ ಹೊಸ ಪರವಾನಗಿ ಬಂದ ಮೇಲೆ ಉಳಿದ ಹಣ. ಕಟ್ಟಡದ ಮಾಲೀಕರು ಒಪ್ಪಿಗೆ ಪತ್ರದಲ್ಲಿ ಓವನ್ ಮತ್ತು ಚಿಮಣಿಯನ್ನು ಹೆಸರಿಸಿಯೇ ಬರೆದುಕೊಡಬೇಕು. ಜಾಗದ ಕಾರಣಕ್ಕೆ ಪಾಲಿಕೆ ಪರವಾನಗಿ ನಿರಾಕರಿಸಿದರೆ ಟೋಕನ್ ವಾಪಸ್. ಇದರ ಜೊತೆಗೆ, ಕೈ ಬದಲಾಗುವ ದಿನದವರೆಗಿನ ಸಂಬಳ ಬಾಕಿ ಇಲ್ಲ ಅಂತ ಐದೂ ಜನರ ಸಹಿ. ನೆನಪಿರಲಿ, ನಮೂನೆ 'ಸಿ' ಕೂಡ ಅಂಗಡಿಯ ಜೊತೆ ತಾನಾಗಿ ಬರುವುದಿಲ್ಲ. ಹೊಸ ಮಾಲೀಕ ಅಂಗಡಿ ಶುರು ಮಾಡಿದ 30 ದಿನದೊಳಗೆ ತನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕು, ಈ ಸಲ ಕೆಲಸಗಾರರು ಐದು ಅಂತಲೇ ಬರೆದು.

ಮಾರುವವರು ಮೊದಲ ಎರಡಕ್ಕೆ ಒಪ್ಪಿದ್ದಾರೆ. ಟೋಕನ್ ವಾಪಸ್ ಮಾತಿಗೆ ಮಾತ್ರ ಇನ್ನೂ ಹಿಂದೆಮುಂದೆ ನೋಡುತ್ತಿದ್ದಾರೆ. ಅದು ಬರವಣಿಗೆಗೆ ಬರುವವರೆಗೆ ಒಂದು ರೂಪಾಯಿಯೂ ಕೊಡಬೇಡ ಅಂತ ಹುಡುಗನಿಗೆ ಹೇಳಿದ್ದೇನೆ.